ಆಸಾಮಿಯನ್ನು ಒಪ್ಪಿಸಿದ ಚಿಕ್ಕಬಸಪ್ಪ

ಬಿಳಿಕೆರೆಯಲ್ಲಿ ಯಾರಾದರೂ ಬದುವಿನ ಜಗಳವಾಡಿ ಪೊಲೀಸರ ಕೈಗೆ ಸಿಕ್ಕರೆ ಅವರ ಮನೆಯವರು ಮೊದಲು ಓಡುವುದು ವಕೀಲರ ಹತ್ತಿರ ಅಲ್ಲ, ಚಿಕ್ಕಬಸಪ್ಪನ ಅಂಗಡಿಗೆ. ಮೈಸೂರು-ಹುಣಸೂರು ರಸ್ತೆಯ ಮಗ್ಗುಲಲ್ಲಿ ಹಗ್ಗ, ಗೋಣಿಚೀಲ, ಟಾರ್ಪಾಲು ಮಾರುವ ಅಂಗಡಿ ಅದು. ಹಣೆಗೆ ವಿಭೂತಿ ಬಳಿದುಕೊಂಡು ಹಗ್ಗದ ಸುರುಳಿಗಳ ನಡುವೆ ಕೂತಿರುವ ಚಿಕ್ಕಬಸಪ್ಪನ ಹೆಸರಿನಲ್ಲಿ ಎರಡು ಎಕರೆ ಜಮೀನಿನ ಪಹಣಿ ಇದೆ. ಹುಣಸೂರು ಕೋರ್ಟಿನಲ್ಲಿ ಜಾಮೀನು ನಿಲ್ಲಲು ಅಂಥ ಪಹಣಿ ಬೇಕು. ಪಹಣಿ ಇರುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕರೆದ ತಕ್ಷಣ ಹೆಗಲಿಗೆ ಟವಲ್ಲು ಹಾಕಿಕೊಂಡು ಹೊರಡುವವನು ಇವನೊಬ್ಬನೇ.

ಅವನಿಗೆ ಅದೊಂದು ಹುಚ್ಚು ಎಂದು ಹೆಂಡತಿ ಸುಂದ್ರಮ್ಮ ಬೈಯುತ್ತಿದ್ದಳು. ಹುಚ್ಚಲ್ಲ, ಹೆಮ್ಮೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ವಾಯಿದೆಗೆ ಸರಿಯಾಗಿ ಇವರನ್ನ ಕರೆತರ್ತೀರೇನ್ರೀ?" ಎಂದು ಕೇಳುವುದು, ಇವನು ಕೈಮುಗಿದು "ನಂದು ಜವಾಬ್ದಾರಿ ಬುದ್ಧಿ" ಎನ್ನುವುದು, ಇದಕ್ಕಿಂತ ದೊಡ್ಡ ಮರ್ಯಾದೆ ಒಬ್ಬ ಹಗ್ಗದ ವ್ಯಾಪಾರಿಗೆ ಎಲ್ಲಿ ಸಿಗುತ್ತದೆ? ಒಂದು ಸಲ ಚಿಕ್ಕಮಾದು ಎಂಬವನು ವಾಯಿದೆ ತಪ್ಪಿಸಿ ಕೊಡಗಿನ ಕಾಫಿ ತೋಟಕ್ಕೆ ಓಡಿಹೋಗಿದ್ದ. ಚಿಕ್ಕಬಸಪ್ಪ ತಾನೇ ಹೋಗಿ, ಲೈನುಮನೆ ಲೈನುಮನೆ ಹುಡುಕಿ, ರಟ್ಟೆ ಹಿಡಿದು ತಂದು ಕೋರ್ಟಿಗೆ ಒಪ್ಪಿಸಿ, "ಇಗೋ ಬುದ್ಧಿ, ನಿಮ್ಮ ಆಸಾಮಿ. ಇನ್ನು ನನ್ನ ಬುಟ್ಬುಡಿ" ಎಂದಿದ್ದ. ಕೋರ್ಟು ಚಿಕ್ಕಬಸಪ್ಪನನ್ನು ಜಾಮೀನಿನಿಂದ ಬಿಡುಗಡೆ ಮಾಡಿತ್ತು. ಆಸಾಮಿಯನ್ನು ತಂದು ನಿಲ್ಲಿಸಿದರೆ ಜಾಮೀನುದಾರನ ಋಣ ತೀರಿತು ಎಂಬ ಪಾಠ ಅವತ್ತು ಅವನ ತಲೆಯಲ್ಲಿ ಕೂತದ್ದು, ಮತ್ತೆ ಏಳಲಿಲ್ಲ.

ಇಂಥ ಚಿಕ್ಕಬಸಪ್ಪನಿಗೆ ಒಂದೇ ಒಂದು ಆಸೆ ಇತ್ತು. ಇಷ್ಟು ವರ್ಷ ಬಾಡಿಗೆ ಕಟ್ಟಿದ ಆ ಅಂಗಡಿ ತನ್ನದಾಗಬೇಕು. ಅಂಗಡಿಯ ಮಾಲೀಕ ಸೋಮಶೇಖರ್ ಕೆ.ಆರ್. ನಗರದಲ್ಲಿ ಮನೆ ಕಟ್ಟಿಸುತ್ತಿದ್ದ. ಅದಕ್ಕೆ ದುಡ್ಡು ಸಾಲದೆ ಮಳಿಗೆ ಮಾರಲು ಹೊರಟ. ದೂರದ ನೆಂಟನೂ ಆಗಿದ್ದರಿಂದ ಮೊದಲು ಇವನ ಬಳಿಗೇ ಬಂದ.

"ಮೊಬೈಲ್ ಅಂಗಡಿಯೋನು ಜಾಸ್ತಿ ಕೊಡ್ತೀನಿ ಅಂತವ್ನೆ. ಆದ್ರೂ ನಿಮ್ಮನ್ನ ಬುಟ್ಟು ಮಾರಕ್ಕೆ ಮನಸ್ಸು ಬರಲ್ಲ. ಯುಗಾದಿ ಗಂಟ ಕಾಯ್ತೀನಿ" ಎಂದ.

ಚಿಕ್ಕಬಸಪ್ಪ ಹುಣಸೂರಿನ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದ. ಬೆಲೆಯ ಅರ್ಧಕ್ಕೆ ಅದು ಆಗುತ್ತಿತ್ತು, ಉಳಿದದ್ದನ್ನು ಅದೇ ಬ್ಯಾಂಕು ಸಾಲ ಕೊಟ್ಟರೆ ತೀರಿತು. ಸುಂದ್ರಮ್ಮ ಆಗಲೇ ಬಾಗಿಲಿಗೆ ಯಾವ ಬಣ್ಣ ಎಂದು ಯೋಚಿಸತೊಡಗಿದ್ದಳು. ಮರುದಿನ ಅವನು ಒಗೆದ ಪಂಚೆ ಉಟ್ಟು ಬ್ಯಾಂಕಿಗೆ ಹೋದ.

ಮ್ಯಾನೇಜರು ಅನುಶ್ರೀ ಎಂಬ ಹೆಣ್ಣುಮಗಳು. ಈ ಶಾಖೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಇವನ ಪಾಸ್‌ಬುಕ್ಕು ತೆಗೆದುಕೊಂಡು ಕಂಪ್ಯೂಟರಿನಲ್ಲಿ ನೋಡಿದಳು. ನೋಡಿದವಳು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.

"ಈ ಠೇವಣಿ ಈಗ ತೆಗೆಯೋಕೆ ಬರೋದಿಲ್ಲ ಚಿಕ್ಕಬಸಪ್ಪನವರೇ. ತಡೆ ಹಾಕಿದ್ದೀವಿ. ಗಾವಡಗೆರೆ ಕಾಂತರಾಜು ಅವರ ಸಾಲಕ್ಕೆ ನೀವು ಜಾಮೀನು ಹಾಕಿದ್ದೀರಲ್ಲ, ಆ ಸಾಲ ಕೆಟ್ಟುಹೋಗಿದೆ. ತಿಂಗಳುಗಟ್ಟಲೆ ಕಂತು ಬಂದಿಲ್ಲ."

"ಅದು ಕಾಂತನ ಸಾಲ ಕಣಮ್ಮ. ನಂದಲ್ಲ."

"ನಿಮಗೂ ನೋಟಿಸು ಕಳಿಸಿದ್ದೆವು. ರಿಜಿಸ್ಟರ್ ಅಂಚೆಯಲ್ಲಿ."

ನೋಟಿಸು ಬಂದಿದ್ದು ನಿಜ. ಚಿಕ್ಕಬಸಪ್ಪ ಬಿಚ್ಚಿ ಓದಿದ್ದ, ಮೊದಲ ಸಾಲಿನಲ್ಲೇ ಕಾಂತರಾಜುವಿನ ಹೆಸರು ಕಂಡಿತ್ತು. ಯಾರದೋ ಕಾಗದ ಅಂಚೆಯವನು ನಮ್ಮ ಮನೆಗೆ ಹಾಕಿಹೋಗಿದ್ದಾನೆ ಎಂದುಕೊಂಡು, ಗಾವಡಗೆರೆಗೆ ಹೋಗುವ ಪರಿಚಯದವರ ಕೈಯಲ್ಲಿ ಜೋಪಾನವಾಗಿ ಕಾಂತರಾಜುವಿನ ಮನೆಗೆ ತಲುಪಿಸಿದ್ದ. ತನ್ನ ಕುತ್ತಿಗೆಗೆ ಬಂದ ಹಗ್ಗವನ್ನು ಪಕ್ಕದವನಿಗೆ ಸೇರಿದ್ದು ಎಂದು ಮಡಿಸಿ ಕಳಿಸಿಕೊಟ್ಟ ಮಹಾನುಭಾವ. ಅದೂ ಹಗ್ಗದ ವ್ಯಾಪಾರಿ!

ಕಾಂತರಾಜು ಶಾಮಿಯಾನದವನು. ಮದುವೆ, ಗೃಹಪ್ರವೇಶ, ತಿಥಿ, ಏನೇ ಇದ್ದರೂ ಚಪ್ಪರ ಹಾಕಿ, ಕುರ್ಚಿ, ಪಾತ್ರೆ, ಜಮಖಾನ ಬಾಡಿಗೆಗೆ ಕೊಡುವವನು. ಚಪ್ಪರದ ಹಗ್ಗ ಕೊಳ್ಳಲು ಬಂದವನು ಚಿಕ್ಕಬಸಪ್ಪನಿಗೆ ಗೆಳೆಯನಾದ. ಬಂದಾಗಲೆಲ್ಲ ಗೋಣಿಚೀಲದ ಅಟ್ಟಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಅಂಗಡಿ ತನ್ನದೇ ಎಂಬಂತೆ ಗಿರಾಕಿಗಳಿಗೆ ಬೆಲೆ ಹೇಳುತ್ತಿದ್ದ. ಚಿಕ್ಕಬಸಪ್ಪನ ಮಗಳು ಹೇಮಶ್ರೀಯ ಮದುವೆಗೆ ಮೂರು ದಿನ ಚಪ್ಪರ ಹಾಕಿ, ಕೊನೆಗೆ ಲೆಕ್ಕ ಕೇಳಿದರೆ, "ನಂಗೂ ಮಗಳಲ್ವ ಅವ್ಳು? ಮುಯ್ಯಿ ಅಂದ್ಕೊ" ಎಂದುಬಿಟ್ಟಿದ್ದ.

ಮುಯ್ಯಿ ಅಂದರೆ ಈ ಕಡೆ ಸಣ್ಣ ಮಾತಲ್ಲ. ಒಂದು ಮನೆಯ ಮದುವೆಗೆ ಇನ್ನೊಂದು ಮನೆಯವರು ಕೊಟ್ಟದ್ದನ್ನು ಅವರ ಮನೆಯ ಕಾರ್ಯಕ್ಕೆ ತಿರುಗಿಸಲೇಬೇಕು. ತಿರುಗಿಸದವನು ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಮರುವರ್ಷ ಕಾಂತರಾಜು ಹೊಸ ಕುರ್ಚಿ, ಬಣ್ಣದ ಪರದೆ, ಸಾಮಾನು ಸಾಗಿಸಲು ಒಂದು ಟೆಂಪೊ ಎಂದು ಸಾಲಕ್ಕೆ ಹೋದ. ಬ್ಯಾಂಕಿನವರು ಜಾಮೀನುದಾರ ಬೇಕೆಂದರು. ಕಾಂತರಾಜು ಬಾಯಿ ಬಿಡುವ ಮೊದಲೇ ಚಿಕ್ಕಬಸಪ್ಪ ಎದ್ದು ಟವಲ್ಲು ಹೆಗಲಿಗೆ ಹಾಕಿಕೊಂಡಿದ್ದ. ಬ್ಯಾಂಕಿನಲ್ಲಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದ. ಆಗ ಇದ್ದ ಮ್ಯಾನೇಜರು ಓದಿ ಹೇಳಲು ಹೊರಟಾಗ, "ನಂಗೆ ಇದೆಲ್ಲ ಅಭ್ಯಾಸ ಸಾರ್" ಎಂದು ಅವರ ಬಾಯಿ ಮುಚ್ಚಿಸಿದ್ದೂ ಇವನೇ.

ಈಗ ಅನುಶ್ರೀ ಅದೇ ಕಾಗದವನ್ನು ತೆಗೆದು ಎದುರಿಗೆ ಇಟ್ಟಿದ್ದಳು.

"ಅವನು ಎಲ್ಲಿಗೂ ಓಡೋಗಲ್ಲ ಮೇಡಂ" ಎಂದ ಚಿಕ್ಕಬಸಪ್ಪ. "ನಾನು ಅವನ ಜಾಮೀನು ತಾನೆ? ಕರ್ಕೊಂಡು ಬಂದು ನಿಮ್ಮ ಮುಂದೆ ನಿಲ್ಲಿಸ್ತೀನಿ. ಆಮ್ಯಾಕೆ ನನ್ನ ದುಡ್ಡು ಕೊಡಿ."

"ಅದು ಹಾಗಲ್ಲ, ಸ್ವಲ್ಪ ಕೂತ್ಕೊಳಿ, ನಾನು ಹೇಳೋದನ್ನ..."

ಅವನು ಆಗಲೇ ಬಾಗಿಲು ದಾಟಿದ್ದ. ಯುಗಾದಿ ಹತ್ತಿರ ಬರುತ್ತಿತ್ತು, ಕೂತು ಕೇಳುವಷ್ಟು ಪುರುಸೊತ್ತು ಯಾರಿಗಿದೆ?

ಕಾಂತರಾಜುವಿನ ಫೋನು ಸ್ವಿಚ್ ಆಫ್. ಚಿಕ್ಕಬಸಪ್ಪ ಬಸ್ಸು ಹತ್ತಿ ಗಾವಡಗೆರೆಗೆ ಹೋದ. ಕಾಂತರಾಜುವಿನ ಹೆಂಡತಿ ಪದ್ಮಶ್ರೀ ಬಾಗಿಲಲ್ಲೇ ಇವನನ್ನು ಕಂಡು ಸೆರಗು ಸರಿಮಾಡಿಕೊಂಡಳು. ಮನೆಯ ಪಕ್ಕದ ಶೀಟಿನ ಗೋಡೌನಿನಲ್ಲಿ ನೀಲಿ ಕುರ್ಚಿಗಳು ಒಂದರೊಳಗೊಂದು ಕೂತು ಸೂರಿನವರೆಗೆ ಬೆಳೆದಿದ್ದವು. ಮೇಲಿನ ಸಾಲಿನಲ್ಲಿ ಧೂಳು ದಪ್ಪಗೆ ಕೂತಿತ್ತು. ಟೆಂಪೊ ಚಪ್ಪಡಿ ಕಲ್ಲಿನ ಪಕ್ಕ ನಿಂತೇ ಇತ್ತು.

"ಏನ್ ಹೇಳ್ಲಿ ಅಣ್ಣಯ್ಯ" ಎಂದಳು. "ಎಲ್ಲಾ ಕಡೆ ಕಲ್ಯಾಣ ಮಂಟಪ ಆದೊ. ಅಲ್ಲೇ ಕುರ್ಚಿ, ಅಲ್ಲೇ ಪಾತ್ರೆ, ಅಲ್ಲೇ ಎಲ್ಲಾನೂ. ಮನೆ ಮುಂದೆ ಚಪ್ಪರ ಹಾಕ್ಸೋರು ಯಾರವ್ರೆ? ಸಾವು ಗೀವು ಆದ್ರೆ ಒಂದೈವತ್ತು ಕುರ್ಚಿ ಓಯ್ತವೆ, ಅಷ್ಟೇಯ. ಅವರು ಕೋಟೆ ಕಡೆ ಕೆಲ್ಸಕ್ಕೆ ಓಗವ್ರೆ. ನಿಮ್ಗೆ ಮಾತ್ರ ಹೇಳ್ಬೇಡ ಅಂದವ್ರೆ."

"ನಂಗೆ ಮಾತ್ರ ಅಂತ್ಯಾಕೆ?"

ಪದ್ಮಶ್ರೀ ಹೆಗ್ಗಡದೇವನಕೋಟೆಯಲ್ಲಿ ಯಾರ ಬಳಿ ಕೆಲಸ ಎಂಬುದನ್ನು ಮಾತ್ರ ಹೇಳಿದಳು.

ಮರುದಿನ ಕೋಟೆಯ ಹೊರವಲಯದ ಒಂದು ಗೃಹಪ್ರವೇಶದ ಮನೆಯ ಹಿಂದೆ ಕಾಂತರಾಜು ಸಿಕ್ಕಿದ. ಬೇರೊಬ್ಬರ ಶಾಮಿಯಾನದ ಕೂಲಿಯಾಳಾಗಿ, ಕುಕ್ಕರಗಾಲಿನಲ್ಲಿ ಕೂತು, ಅನ್ನ ಬೆಂದ ದೊಡ್ಡ ಕೊಳದಪ್ಪಲೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದ. ಇವನನ್ನು ನೋಡಿ ಎದ್ದು ನಿಂತ. ಓಡಲಿಲ್ಲ. ಕೈಯ ಮಸಿಯನ್ನು ಲುಂಗಿಗೆ ಒರೆಸಿಕೊಂಡ.

ಚಿಕ್ಕಬಸಪ್ಪ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದ. ಆ ಕೈ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ.

"ಏನ್ಲಾ ಕಾಂತ ಇದು?"

"ಬ್ಯಾಂಕಿನೋರ್ಗೆ ಎದರ್ಕೊಂಡು ಬಂದಿಲ್ಲ ಬಸಪ್ಪಣ್ಣ" ಎಂದ ಕಾಂತರಾಜು. "ನಿನ್ನ ಮಖ ನೋಡಕ್ಕೆ ಆಗ್ದೆ ಬಂದೆ. ನೋಟಿಸು ನೀನೇ ಕಳ್ಸಿದ್ದೆ ನೋಡು, ಬಯ್ಲೂ ಇಲ್ಲ, ಕೇಳ್ಲೂ ಇಲ್ಲ. ಅದುಕ್ಕೇ ತಡ್ಕೊಳ್ಳಕ್ಕೆ ಆಗ್ನಿಲ್ಲ."

ತಾನು ತಿಳಿಯದೆ ಕಳಿಸಿದ ಕಾಗದ ಅವನಿಗೆ ದೊಡ್ಡತನವಾಗಿ ಕಂಡಿದೆ ಎಂದು ಚಿಕ್ಕಬಸಪ್ಪನಿಗೆ ಆಗ ಗೊತ್ತಾಯಿತು. ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ.

"ಇರ್ಲಿ ಬುಡು. ನಡಿ ಹುಣಸೂರಿಗೆ. ಬ್ಯಾಂಕಲ್ಲಿ ನಿನ್ನ ನಿಲ್ಸಿದ್ರೆ ನಂದು ಮುಗೀತದೆ. ಆಮ್ಯಾಕೆ ನೀನುಂಟು ಅವರುಂಟು. ತಿಂಗಳಿಗೆ ಇಷ್ಟಿಷ್ಟು ಅಂತ ಕಟ್ಟೀಯಂತೆ."

ಕಾಂತರಾಜು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಕುರಿಮರಿಯ ಹಾಗೆ ಹಿಂದೆ ಬಂದ. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಚಿಕ್ಕಬಸಪ್ಪ ಅವನಿಗೆ ಇಡ್ಲಿ-ವಡೆ ಕೊಡಿಸಿದ. ಹೊಟ್ಟೆ ಹಸಿದ ಆಸಾಮಿಯನ್ನು ಯಾವತ್ತೂ ಕಟಕಟೆ ಹತ್ತಿಸಿದವನಲ್ಲ ಅವನು.

ಬ್ಯಾಂಕಿಗೆ ಹೋದವನೇ ಕಾಂತರಾಜುವನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿ, ಕೈಮುಗಿದು, "ಇಗೋ ಮೇಡಂ, ನಿಮ್ಮ ಆಸಾಮಿ. ಒಪ್ಪಿಸಿದ್ದೀನಿ. ಇನ್ನು ನನ್ನ ಹೆಸ್ರು ಹೊಡೆದುಹಾಕಿ" ಎಂದ. ದನಿ ಹೊರಗಿನ ಸಾಲಿನವರೆಗೂ ಕೇಳಿಸಿತು.

ಅನುಶ್ರೀ ನಗಲಿಲ್ಲ. ಈ ಸಲ ಅವಳೇ ಎದ್ದು ಬಾಗಿಲು ಮುಂದೆ ಮಾಡಿ, ಇಬ್ಬರನ್ನೂ ಕೂರಿಸಿದಳು.

"ಚಿಕ್ಕಬಸಪ್ಪನವರೇ, ಕೋರ್ಟಿಗೆ ಬೇಕಾದ್ದು ಮನುಷ್ಯ. ಅವನು ಬಂದು ನಿಂತರೆ ಅವರಿಗೆ ಸಾಕು. ನಮಗೆ ಬೇಕಾದ್ದು ಕೊಟ್ಟ ದುಡ್ಡು. ಇವರು ಸಾಲ ಕಟ್ಟದೆ ಹೋದರೆ ನಾನು ಕಟ್ಟುತ್ತೇನೆ ಅಂತ ನೀವು ಬರೆದುಕೊಟ್ಟಿದ್ದೀರಿ. ಇವರನ್ನ ಕರೆತರ್ತೀನಿ ಅಂತಲ್ಲ."

"ಅಲ್ಲ ಮೇಡಂ, ಮೊದ್ಲು ಅವನ ಕುರ್ಚಿ, ಟೆಂಪೊ ಮಾರ್ಕೊಳ್ಳಿ. ಅದ್ರಲ್ಲಿ ಬರ್ನಿಲ್ಲ ಅಂದ್ರೆ ತಾನೆ ನನ್ನ ತಾವಕ್ಕೆ ಬರ್ಬೇಕಾದ್ದು?"

"ಎಲ್ಲರೂ ಹಾಗೇ ಅಂದುಕೊಂಡಿರ್ತಾರೆ. ಕಾನೂನು ಹಾಗಿಲ್ಲ. ಸಾಲಕ್ಕೆ ಅವರೆಷ್ಟು ಹೊಣೆಯೋ ನೀವೂ ಅಷ್ಟೇ ಹೊಣೆ. ಮೊದಲು ಅವರನ್ನ ಕೇಳಿ, ಅವರ ಸಾಮಾನು ಮಾರಿ, ಆಮೇಲೆ ನಿಮ್ಮನ್ನ ಕೇಳಬೇಕು ಅಂತ ಇಲ್ಲ. ಇಬ್ಬರಲ್ಲಿ ಯಾರನ್ನಾದರೂ ಕೇಳಬಹುದು, ಇಬ್ಬರ ಮೇಲೂ ದಾವೆ ಹಾಕಬಹುದು. ನಮ್ಮಲ್ಲಿರೋ ನಿಮ್ಮ ಠೇವಣಿಯಿಂದ ಮುರಿದುಕೊಳ್ಳಬಹುದು ಅಂತ ಈ ಪತ್ರದಲ್ಲೇ ಇದೆ, ನೋಡಿ, ಇದು ನಿಮ್ಮ ಸಹಿ. ಅಲ್ಲದೆ ಈ ಬಾಕಿ ನಿಮ್ಮ ಹೆಸರಲ್ಲೂ ಕಾಣಿಸ್ತಾ ಇದೆ. ಇದು ತೀರೋವರೆಗೂ ಅಂಗಡಿಗೆ ಸಾಲ ಕೊಡೋಕೆ ನನ್ನ ಕೈಲಿ ಆಗಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಚಿಕ್ಕಬಸಪ್ಪ ಜೀವಮಾನವೆಲ್ಲ ಬೇರೆಯವರ ಮೇಲೆ ಪ್ರಯೋಗಿಸಿದ್ದ. ಬರೆ ಹಾಕಿಸಿಕೊಂಡ ಎಮ್ಮೆಗೆ ಹೇಗಿರುತ್ತದೆ ಎಂದು ಈಗ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ ಅವನಿಗೆ ನಾಚಿಕೆಯಾಯಿತು. ಇಷ್ಟು ಜನರಿಗೆ ಜಾಮೀನು ನಿಂತವನು, ತಾನು ಯಾವುದಕ್ಕೆ ಹೊಣೆಯಾಗುತ್ತಿದ್ದೇನೆ ಎಂದು ಒಂದು ಸಲ ಕೂತು ಕೇಳಿರಲಿಲ್ಲವಲ್ಲ.

ಪಕ್ಕಕ್ಕೆ ತಿರುಗಿ ಕಾಂತರಾಜುವನ್ನು ಕೇಳಿದ: "ನಿಂಗೆ ಗೊತ್ತಿತ್ತೇನ್ಲಾ?"

"ಹ್ಞೂಂ" ಎಂದ ಕಾಂತರಾಜು, ನೆಲ ನೋಡುತ್ತ. "ಅವತ್ತು ನೀನು ಸಹಿ ಹಾಕ್ವಾಗ ನಿಂಗೂ ಗೊತ್ತದೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ಹಾಕ್ತಾವ್ನಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಬರ್ನಿಲ್ಲ. ಇವತ್ತು ಕೋಟೇಲಿ 'ನಿಲ್ಸಿದ್ರೆ ಮುಗೀತದೆ' ಅಂದ್ಯಲ್ಲ, ಆಗ ಎದೆ ಧಸಕ್ಕಂತು. ಹೇಳಕ್ಕೆ ಬಾಯಿ ಬರ್ನಿಲ್ಲ."

ಅನುಶ್ರೀ ಬಾಕಿಯ ಲೆಕ್ಕ ತೆಗೆದು, ಒಂದೇ ಸಲಕ್ಕೆ ತೀರಿಸುವುದಾದರೆ ದಂಡದ ಬಡ್ಡಿ ಬಿಡಿಸಲು ಮೇಲಿನವರಿಗೆ ಬರೆಯುತ್ತೇನೆ ಎಂದಳು. ಉಳಿದ ಬಾಕಿ ಚಿಕ್ಕಬಸಪ್ಪನ ಠೇವಣಿಗಿಂತ ಸ್ವಲ್ಪವೇ ಕಡಿಮೆ. ತೀರಿಸದೆ ಕೋರ್ಟಿಗೆ ಹೋದರೆ ಬಡ್ಡಿ ಬೆಳೆಯುತ್ತದೆ, ಖರ್ಚೂ ಸೇರುತ್ತದೆ.

ಚಿಕ್ಕಬಸಪ್ಪ ಆ ದಿನ ಮನೆಗೆ ಬಂದು ಸುಂದ್ರಮ್ಮನಿಗೆ ಎಲ್ಲ ಹೇಳಿದ. ಅವಳು ಕೂಗಾಡುತ್ತಾಳೆ ಎಂದು ಕಾದ. ಅವಳು ಮೊರದಲ್ಲಿ ಅವರೆಕಾಳು ಆರಿಸುತ್ತಲೇ ಇದ್ದಳು.

"ಯುಗಾದಿಗೆ ಅಂಗ್ಡಿ ಇಲ್ಲ ಅಂತ ಆಯ್ತಲ್ಲ?" ಎಂದಳು.

"ಆಯ್ತು."

"ಹೇಮ್ನ ಮದುವೇಲಿ ಅವನು ಮೂರು ದಿನ ಕಣ್ಣು ಮುಚ್ನಿಲ್ಲ. ಅದುನ್ನೂ ಮರೀಬ್ಯಾಡಿ" ಎಂದು ಹೇಳಿ, ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಅತ್ತಳು. ಅದು ಅವನಿಗೆ ಕೇಳಿಸಿತು.

ಮೇಲಿನವರ ಒಪ್ಪಿಗೆ ಬಂದ ದಿನ ಠೇವಣಿ ಮುರಿಸಿ ಸಾಲ ಕಟ್ಟಿದ. ಅನುಶ್ರೀ ಬಾಕಿ ಇಲ್ಲವೆಂಬ ಪತ್ರ ಕೊಟ್ಟಳು. ಅದರ ಜೊತೆಗೆ ಇನ್ನೊಂದು ಕಾಗದವನ್ನೂ ಮಾಡಿಸಿದ್ದಳು.

"ಇದನ್ನ ಮಾತ್ರ ಪೂರ್ತಿ ಓದಿಸ್ಕೊಂಡು ಹೋಗಿ" ಎಂದಳು. "ಸಾಲ ತೀರಿಸಿದ ಜಾಮೀನುದಾರ ಬ್ಯಾಂಕಿನ ಜಾಗದಲ್ಲಿ ಬಂದು ನಿಲ್ತಾನೆ. ಕಾಂತರಾಜು ಅವರಿಂದ ಬರಬೇಕಾದ ದುಡ್ಡು ಇನ್ನು ನಿಮಗೆ ಬರಬೇಕಾದ್ದು. ಅವರು ನಮಗೆ ಆಧಾರ ಬರೆದುಕೊಟ್ಟ ಟೆಂಪೊ, ಕುರ್ಚಿ, ಪಾತ್ರೆಗಳ ಮೇಲೆ ನಮಗಿದ್ದ ಹಕ್ಕೂ ನಿಮ್ಮದು. ಅವರು ಕೊಡದೇ ಹೋದರೆ ನೀವು ದಾವೆ ಹಾಕಬಹುದು."

"ಕಾಂತನ ಮ್ಯಾಲೆ ನಾನಾ?"

"ಕಾನೂನು ಹೇಳಿದೆ, ಅಷ್ಟೇ. ಹಾಕೋದು ಬಿಡೋದು ನಿಮ್ಮಿಷ್ಟ."

ಅವನು ಪ್ರತಿ ಸಾಲನ್ನೂ ಓದಿಸಿಕೊಂಡ. ಅರ್ಥವಾಗದ ಕಡೆ ಎರಡು ಸಲ ಓದಿಸಿದ. ಹೊರಗೆ ಸಾಲು ಬೆಳೆಯಿತು, ಬೆಳೆಯಲಿ ಎಂದು ಕೂತ.

ಸೋಮಶೇಖರ್ ಮಳಿಗೆಯನ್ನು ಮೊಬೈಲ್ ಅಂಗಡಿಯವನಿಗೆ ಮಾರಿದ. ಅವನನ್ನು ಬೈದು ಪ್ರಯೋಜನವಿಲ್ಲ, ಹೇಳಿದ ಗಡುವಿನವರೆಗೂ ಕಾದಿದ್ದ. ಯುಗಾದಿಯ ನಂತರದ ವಾರ ಕಾಂತರಾಜು ಟೆಂಪೊ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಯಾರೂ ಹೇಳದೆಯೇ ಹಗ್ಗದ ಸುರುಳಿಗಳನ್ನು ಹೊತ್ತು ತುಂಬಿದ. ಬೇರೆ ಜಾಗ ಸಿಗುವವರೆಗೆ ಸರಕು ಗಾವಡಗೆರೆಯ ಗೋಡೌನಿನಲ್ಲಿ ಇರಲಿ ಎಂದು ಮಾತಾಗಿತ್ತು. ಬಾಗಿಲು ಎಳೆಯುವಾಗ ಚಿಕ್ಕಬಸಪ್ಪ ಒಳಗೆ ನೋಡಲಿಲ್ಲ. ನೋಡಿದ್ದರೆ ರಸ್ತೆಯ ಮೇಲೆ ನಾಲ್ಕು ಜನರ ಎದುರು ಅಳುತ್ತಿದ್ದ.

ಗೋಡೌನಿನಲ್ಲಿ ಸರಕು ಇಳಿಸಿ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕಾಂತರಾಜು ಅಟ್ಟಿಯಿಂದ ಒಂದು ನೀಲಿ ಕುರ್ಚಿ ಕಿತ್ತು, ಟವಲ್ಲಿನಿಂದ ಧೂಳು ಒರೆಸಿ, ಮತ್ತೊಮ್ಮೆ ಒರೆಸಿ, ಚಿಕ್ಕಬಸಪ್ಪನ ಮುಂದೆ ಇಟ್ಟ. ಚಿಕ್ಕಬಸಪ್ಪ ಕೂತು ಬೆವರು ಒರೆಸಿಕೊಂಡ. ಕಾಂತರಾಜು ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತ.

"ನೋಡ್ಲಾ, ಕೋರ್ಟು ಗೀರ್ಟು ಏನೂ ಬ್ಯಾಡ" ಎಂದ ಚಿಕ್ಕಬಸಪ್ಪ. "ಸಾಮಾನು ನಿನ್ನ ತಾವೇ ಇರ್ಲಿ. ಟೆಂಪೊ ಬಾಡಿಗೆಗೆ ಓಡ್ಸು. ಬಂದಿದ್ರಲ್ಲಿ ಅರ್ಧ ನಂಗೆ ಕೊಡು, ತೀರೋ ಗಂಟ. ಅವಸರ ಇಲ್ಲ."

"ಆಯ್ತು."

"ಕೂತ್ಕೊಳ್ಲಾ."

"ಇರ್ಲಿ ಬುಡು ಬಸಪ್ಪಣ್ಣ. ನಿಂತಿರ್ತೀನಿ."

"ಕೂತ್ಕೊ ಅಂದೆ. ನಿನ್ನವೇ ಕುರ್ಚಿ."

"ನಿನ್ನವು" ಎಂದ ಕಾಂತರಾಜು. ಕೊಂಕಿನಿಂದ ಅನ್ನಲಿಲ್ಲ, ಲೆಕ್ಕ ಒಪ್ಪಿಸುವವನಂತೆ ಮೆಲ್ಲಗೆ ಅಂದ.

ಚಿಕ್ಕಬಸಪ್ಪ ಟವಲ್ಲಿನಲ್ಲಿ ಕಣ್ಣು ಒರೆಸಿಕೊಂಡ. ಅಂಗಡಿ ಹೋದಾಗ ತಡೆದುಕೊಂಡಿದ್ದ. ಬ್ಯಾಂಕಿನ ಜಾಗಕ್ಕೆ ಬಂದು ನಿಲ್ಲುವುದು ಎಂದರೆ ಏನೆಂದು ಆ ಹೆಣ್ಣುಮಗಳು ಸರಿಯಾಗಿಯೇ ಓದಿ ಹೇಳಿದ್ದಳು, ಅವನೂ ತಲೆಯಾಡಿಸಿದ್ದ. ಆ ಜಾಗದಿಂದ ನೋಡಿದರೆ ಗೆಳೆಯ ಹೀಗೆ ಕೈಕಟ್ಟಿ ನಿಂತಿರುತ್ತಾನೆ ಎಂಬುದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಅವನು ಕುರ್ಚಿ ಬಿಟ್ಟು ಎದ್ದ. ಹೋಗಿ ಕಾಂತರಾಜುವಿನ ಪಕ್ಕ ನಿಂತುಕೊಂಡ. ಪದ್ಮಶ್ರೀ ಕಾಫಿ ತಂದಾಗ, ಅಷ್ಟೊಂದು ಕುರ್ಚಿ ಇಟ್ಟುಕೊಂಡು ಇಬ್ಬರೂ ನಿಂತೇ ಇದ್ದರು.